ಪ್ಲೇಟ್‌ಲೆಟ್ ಎಣಿಕೆ ಸರಿಯಿದ್ದರೂ ಮೂಗಿನ ರಕ್ತ ನಿಲ್ಲುತ್ತಿಲ್ಲ: ಗಾಯ ಮುಚ್ಚುವ ಕೆಲಸದಲ್ಲಿ ಎಲ್ಲಿ ತಪ್ಪುತ್ತಿರಬಹುದು?

ಸುಮಾ, ಹಿರಿಯೂರು

ನನ್ನ ಮಗಳಿಗೆ ನಾಲ್ಕು ವರ್ಷ. ಹಾಲುಹಲ್ಲು ಮೂಡುವ ಕಾಲದಿಂದಲೂ ಅವಳ ಒಸಡಿನಲ್ಲಿ ರಕ್ತ ಒಸರುತ್ತದೆ. ಎತ್ತಿಕೊಂಡರೆ ಸಾಕು, ಕಂಕುಳ ಕೆಳಗೆ ಬೆರಳು ಒತ್ತಿದ ಜಾಗದಲ್ಲಿ ನೀಲಿ ಕಲೆಗಳು ಕಾಣಿಸಿಕೊಳ್ಳುತ್ತವೆ. ಈಚೆಗೆ ಮೂಗಿನಿಂದ ರಕ್ತ ಸುರಿಯತೊಡಗಿದರೆ ಗಂಟೆ ಕಳೆದರೂ ನಿಲ್ಲುವುದಿಲ್ಲ. ಕಳೆದ ಸಲ ಆಸ್ಪತ್ರೆಯಲ್ಲಿ ಮೂಗಿಗೆ ಅರಿವೆ ತುರುಕಿ ನಿಲ್ಲಿಸಬೇಕಾಯಿತು. ರಕ್ತಪರೀಕ್ಷೆಯ ವರದಿಯಲ್ಲಿ ಪ್ಲೇಟ್‌ಲೆಟ್ 2.8 ಲಕ್ಷ ಎಂದಿದೆ, ಪಿ.ಟಿ. ಮತ್ತು ಎ.ಪಿ.ಟಿ.ಟಿ. ಎರಡೂ ಸರಿಯಾದ ಮಿತಿಯಲ್ಲಿವೆ, ಹಿಮೋಗ್ಲೋಬಿನ್ ಮಾತ್ರ 8.1ಕ್ಕೆ ಇಳಿದಿದೆ. ಮಕ್ಕಳ ವೈದ್ಯರು ಬೆಂಗಳೂರಿಗೆ ಹೋಗಿ "ಪ್ಲೇಟ್‌ಲೆಟ್ ಕಾರ್ಯ ಪರೀಕ್ಷೆ" ಮಾಡಿಸಲು ಬರೆದುಕೊಟ್ಟಿದ್ದಾರೆ. ನಮ್ಮದು ಸೋದರಸಂಬಂಧದ ಮದುವೆ, ನಾನು ನನ್ನ ಸೋದರಮಾವನನ್ನೇ ಮದುವೆಯಾಗಿದ್ದೇನೆ ಎಂಬುದನ್ನು ಕೇಳಿದ ಮೇಲೆಯೇ ಅವರು ಆ ಚೀಟಿ ಬರೆದರು.

ನನಗೆ ತಿಳಿಯದ ವಿಷಯ ಇಷ್ಟು. ಪ್ಲೇಟ್‌ಲೆಟ್‌ಗಳು ಸಾಕಷ್ಟಿವೆ ಎಂದ ಮೇಲೆ ಅವು ಮಾಡಬೇಕಾದ ಕೆಲಸವನ್ನು ಏಕೆ ಮಾಡುತ್ತಿಲ್ಲ? ಆ ಕೆಲಸ ನಿಜವಾಗಿ ಏನು?

ಬಸವರಾಜ, ಧಾರವಾಡ

ನಾನು ಪದವಿಪೂರ್ವ ಕಾಲೇಜಿನಲ್ಲಿ ಬಹಳ ವರ್ಷ ಜೀವಶಾಸ್ತ್ರ ಕಲಿಸಿದವನು. ಗಾಯವಾದಾಗ ಪ್ಲೇಟ್‌ಲೆಟ್‌ಗಳು ಒಡೆದು ಒಂದು ಕಿಣ್ವವನ್ನು ಬಿಡುಗಡೆ ಮಾಡುತ್ತವೆ. ಅದರಿಂದ ಪ್ರೋಥ್ರೋಂಬಿನ್ ಥ್ರೋಂಬಿನ್ ಆಗುತ್ತದೆ, ಥ್ರೋಂಬಿನ್ ರಕ್ತದಲ್ಲಿ ಕರಗಿರುವ ಫೈಬ್ರಿನೋಜೆನ್ನನ್ನು ಫೈಬ್ರಿನ್ ಎಳೆಗಳಾಗಿಸುತ್ತದೆ, ಆ ಎಳೆಗಳ ಬಲೆಯಲ್ಲಿ ರಕ್ತಕಣಗಳು ಸಿಕ್ಕಿ ಗಾಯ ಮುಚ್ಚುತ್ತದೆ. ನಿಮ್ಮ ಮಗುವಿನ ಪಿ.ಟಿ., ಎ.ಪಿ.ಟಿ.ಟಿ. ಸರಿಯಿವೆ ಎಂದರೆ ಈ ಸರಪಳಿ ಪೂರ್ತಿ ಸರಿಯಿದೆ ಎಂದೇ ಅರ್ಥ. ಪ್ಲೇಟ್‌ಲೆಟ್ ಎಣಿಕೆಯೂ ಸರಿಯಿರುವುದರಿಂದ ರಕ್ತದಲ್ಲಿ ದೋಷವಿಲ್ಲವೆಂದೂ, ಮೂಗಿನ ಒಳಪೊರೆ ಒಣಗಿ ಅಲ್ಲಿನ ರಕ್ತನಾಳ ಬಿರಿಯುತ್ತಿರಬಹುದೆಂದೂ ನನಗೆ ತೋರುತ್ತದೆ. ಒಮ್ಮೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ.

ರಮಾಮಣಿ, ಬೆಂಗಳೂರು

ಬಸವರಾಜ ಸರ್ ಹೇಳಿದ ಫೈಬ್ರಿನ್ ಸರಪಳಿ ಸರಿಯಾಗಿದೆ. ಪಿ.ಟಿ., ಎ.ಪಿ.ಟಿ.ಟಿ. ಅಳೆಯುವುದು ಅದನ್ನೇ ಎಂಬುದೂ ಸರಿ. ಆದರೆ ಆ ಎರಡು ಪರೀಕ್ಷೆಗಳನ್ನು ನಾವು ಮಾಡುವುದು ಪ್ಲೇಟ್‌ಲೆಟ್‌ಗಳನ್ನು ಬೇರ್ಪಡಿಸಿ ತೆಗೆದ ಪ್ಲಾಸ್ಮಾದಲ್ಲಿ. ಆದ್ದರಿಂದ ಪ್ಲೇಟ್‌ಲೆಟ್‌ಗಳು ಕೆಲಸ ಮಾಡುತ್ತಿವೆಯೋ ಇಲ್ಲವೋ ಎಂಬ ಪ್ರಶ್ನೆಗೆ ಅವು ಏನನ್ನೂ ಹೇಳಲಾರವು. ಎಣಿಕೆಯ ಯಂತ್ರವೂ ಅಷ್ಟೇ, ಹಾದುಹೋಗುವ ಕಣಗಳನ್ನು ಎಣಿಸುತ್ತದೆಯೇ ಹೊರತು ಅವುಗಳ ಮೈಮೇಲೆ ಏನಿದೆ ಎಂದು ನೋಡುವುದಿಲ್ಲ. ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಇದೇ ಪರೀಕ್ಷೆಗಳ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದೇನೆ. ಸುಮಾ ಅವರ ಮಕ್ಕಳ ವೈದ್ಯರು ಸರಿಯಾದ ಚೀಟಿಯನ್ನೇ ಬರೆದಿದ್ದಾರೆ ಎಂದು ನನಗನ್ನಿಸುತ್ತದೆ.

ಪ್ಲೇಟ್‌ಲೆಟ್‌ಗಳು ಗಾಯದಲ್ಲಿ ಒಡೆದುಹೋಗುವುದಿಲ್ಲ. ಫೈಬ್ರಿನ್ ಬಲೆ ಮೂಡುವುದಕ್ಕೂ ಮೊದಲೇ ಅವು ತಮ್ಮ ಮೈಯಿಂದಲೇ ರಂಧ್ರವನ್ನು ಮುಚ್ಚುತ್ತವೆ. ಫೈಬ್ರಿನ್ ಆ ಮುಚ್ಚಳವನ್ನು ಆಮೇಲೆ ಗಟ್ಟಿಗೊಳಿಸುತ್ತದೆ. ಹೀಗಾಗಿ ಎರಡು ಬಗೆಯ ರಕ್ತಸ್ರಾವಗಳು ನೋಡುವುದಕ್ಕೇ ಬೇರೆಬೇರೆಯಾಗಿರುತ್ತವೆ. ಫೈಬ್ರಿನ್ ಸರಪಳಿ ಕೆಟ್ಟಿರುವ ಹಿಮೋಫಿಲಿಯಾದಲ್ಲಿ ಮೊದಲು ರಕ್ತ ನಿಂತಂತಾಗಿ ಕೆಲವು ಗಂಟೆಗಳ ಮೇಲೆ ಮತ್ತೆ ಹರಿಯಬಹುದು. ಮಂಡಿ, ಮೊಣಕೈ ಕೀಲುಗಳಲ್ಲಿ ಮತ್ತು ಸ್ನಾಯುವಿನ ಆಳದಲ್ಲಿ ರಕ್ತ ತುಂಬಿಕೊಳ್ಳುತ್ತದೆ. ಪ್ಲೇಟ್‌ಲೆಟ್ ದೋಷದಲ್ಲಿ ಗಾಯವಾದ ಕ್ಷಣದಿಂದಲೇ ರಕ್ತ ನಿಲ್ಲುವುದಿಲ್ಲ, ಮತ್ತು ಅದು ಮೂಗು, ಒಸಡು, ಚರ್ಮದ ಮೇಲ್ಪದರಗಳಲ್ಲಿ ಕಾಣಿಸುತ್ತದೆ. ಮಗುವಿನ ಲಕ್ಷಣಗಳು ಎರಡನೆಯ ಗುಂಪಿಗೆ ಸೇರುತ್ತವೆ. ಮೂಗಿನ ಒಳಪೊರೆ ಒಣಗುವುದರಿಂದ ಒಸಡು ಒಸರುವುದಿಲ್ಲ, ಕಂಕುಳಲ್ಲಿ ಕಲೆಯೂ ಮೂಡುವುದಿಲ್ಲ.

ಗೌಡ, ಹಾಸನ

ನಮ್ಮ ಮನೆಯಲ್ಲಿ ಹೋದ ಮಳೆಗಾಲ ಮಗನಿಗೆ ಡೆಂಗ್ಯೂ ಬಂದು ಪ್ಲೇಟ್‌ಲೆಟ್ 40 ಸಾವಿರಕ್ಕೆ ಇಳಿದಿತ್ತು. ಪರಂಗಿ ಎಲೆಯ ರಸ ಕೊಟ್ಟೆವು, ವಾರದೊಳಗೆ ಒಂದೂವರೆ ಲಕ್ಷಕ್ಕೆ ಏರಿತು. ತಾಯಿಯವರು ಅದನ್ನೊಮ್ಮೆ ಪ್ರಯತ್ನಿಸಿ ನೋಡಬಹುದು. ಪ್ಲೇಟ್‌ಲೆಟ್ ಇನ್ನಷ್ಟು ಹೆಚ್ಚಿದರೆ ರಕ್ತ ನಿಲ್ಲಬೇಕಲ್ಲವೇ?

ರಮಾಮಣಿ, ಬೆಂಗಳೂರು

ಗೌಡರೇ, ನಿಮ್ಮ ಮಗ ಚೇತರಿಸಿಕೊಂಡದ್ದು ಸಂತೋಷದ ವಿಷಯ. ಡೆಂಗ್ಯೂವಿನಲ್ಲಿ ಜ್ವರ ಬಿಟ್ಟ ಕೆಲವು ದಿನಗಳಲ್ಲಿ ಎಣಿಕೆ ತಾನಾಗಿಯೇ ಏರುತ್ತದೆ. ಆದ್ದರಿಂದ ಆ ಏರಿಕೆಯನ್ನು ರಸದ ಲೆಕ್ಕಕ್ಕೆ ಬರೆಯುವುದು ಕಷ್ಟ. ಇಲ್ಲಿನ ಪ್ರಶ್ನೆ ಅದಕ್ಕೆ ತದ್ವಿರುದ್ಧವಾದದ್ದು. ಈ ಮಗುವಿನಲ್ಲಿ ಪ್ಲೇಟ್‌ಲೆಟ್‌ಗಳ ಕೊರತೆ ಇಲ್ಲ. ಪ್ರತಿಯೊಂದು ಪ್ಲೇಟ್‌ಲೆಟ್ಟಿನಲ್ಲೂ ಒಂದೇ ಭಾಗ ಇಲ್ಲದಿದ್ದರೆ, ಅಂಥವು 2.8 ಲಕ್ಷ ಇದ್ದರೂ ಐದು ಲಕ್ಷ ಇದ್ದರೂ ಫಲಿತಾಂಶ ಬದಲಾಗುವುದಿಲ್ಲ.

ಯಾವ ಭಾಗ ಎಂದು ಊಹಿಸಲು ಗಾಯದ ಬಳಿ ಏನಾಗುತ್ತದೆ ಎಂಬುದನ್ನು ಮೊದಲಿನಿಂದ ನೋಡಬೇಕು. ಆರೋಗ್ಯವಾಗಿರುವ ರಕ್ತನಾಳದ ಒಳಗೋಡೆಯನ್ನು ಒಂದು ತೆಳುವಾದ ಜೀವಕೋಶಗಳ ಪದರ ಹೊದ್ದುಕೊಂಡಿರುತ್ತದೆ, ಪ್ಲೇಟ್‌ಲೆಟ್‌ಗಳು ಅದಕ್ಕೆ ಅಂಟುವುದಿಲ್ಲ. ಆ ಪದರ ಹರಿದಾಗ ಅದರ ಅಡಿಯಲ್ಲಿರುವ ಕೊಲಾಜನ್ ನಾರು ರಕ್ತಕ್ಕೆ ತೆರೆದುಕೊಳ್ಳುತ್ತದೆ. ಪ್ಲಾಸ್ಮಾದಲ್ಲಿ ತೇಲುತ್ತಿರುವ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಉದ್ದನೆಯ ಪ್ರೋಟೀನು ಆ ಕೊಲಾಜನ್ನಿಗೆ ಮೊದಲು ಹೋಗಿ ಹಿಡಿದುಕೊಳ್ಳುತ್ತದೆ. ಪ್ಲೇಟ್‌ಲೆಟ್ಟಿನ ಮೇಲ್ಮೈಯಲ್ಲಿರುವ ಜಿಪಿ-1ಬಿ ಎಂಬ ಗ್ರಾಹಕ ಈ ಪ್ರೋಟೀನನ್ನು ಹಿಡಿಯುತ್ತದೆ. ಅಂಟಿಕೊಳ್ಳುವಿಕೆ ಆರಂಭವಾಗುವುದು ಇಲ್ಲಿಂದ. ಆದರೆ ಈ ಹಿಡಿತ ಗಟ್ಟಿಯಾದದ್ದಲ್ಲ. ಅದು ಕ್ಷಣದಲ್ಲಿ ಬಿಡುತ್ತದೆ, ಕ್ಷಣದಲ್ಲಿ ಮತ್ತೆ ಹಿಡಿಯುತ್ತದೆ. ಹೀಗಾಗಿ ಪ್ಲೇಟ್‌ಲೆಟ್ ಗಾಯದ ಮೇಲೆ ಉರುಳುತ್ತಾ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಹಾಗೆ ನಿಧಾನವಾದಾಗ ಜಿಪಿ-6 ಎಂಬ ಇನ್ನೊಂದು ಗ್ರಾಹಕಕ್ಕೆ ನೇರವಾಗಿ ಕೊಲಾಜನ್ ಮುಟ್ಟಲು ಸಮಯ ಸಿಗುತ್ತದೆ. ಆ ಸ್ಪರ್ಶವೇ ಎರಡನೆಯ ಹಂತವಾದ ಸಕ್ರಿಯಗೊಳ್ಳುವಿಕೆಗೆ ಮೊದಲ ಸೂಚನೆ.

ನಾಗರಾಜ, ಸಿಂಗಪುರ

ನಾನು ವೈದ್ಯನಲ್ಲ, ಪೈಪುಗಳಲ್ಲಿ ದ್ರವ ಹರಿಯುವ ಲೆಕ್ಕಾಚಾರ ನನ್ನ ವೃತ್ತಿ. ಒಂದು ವಿಷಯ ನನಗೆ ಒಪ್ಪಿಗೆಯಾಗುತ್ತಿಲ್ಲ. ಗೋಡೆಯ ಬಳಿ ಹರಿವು ಬಿರುಸಾದಷ್ಟೂ ಅಂಟಿದ ಕಣವನ್ನು ಕಿತ್ತೊಯ್ಯುವ ಬಲ ಹೆಚ್ಚಬೇಕು. ಕಿರು ಅಪಧಮನಿಗಳಲ್ಲಿ ಈ ಬಲ ಅಭಿಧಮನಿಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಿದ್ದರೆ ಎಲ್ಲಿ ರಕ್ತ ಬೇಗ ಸೋರಿಹೋಗುತ್ತದೆಯೋ ಅಲ್ಲಿಯೇ ಪ್ಲೇಟ್‌ಲೆಟ್‌ಗಳು ಅಂಟಲಾರವು ಎಂದಾಗುತ್ತದೆ. ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ?

ರಮಾಮಣಿ, ಬೆಂಗಳೂರು

ನಾಗರಾಜ ಅವರೇ, ಅಂಟಿಕೊಳ್ಳುವಿಕೆಯ ತಿರುಳೇ ನಿಮ್ಮ ಪ್ರಶ್ನೆಯಲ್ಲಿದೆ. ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಶಾಂತವಾದ ಹರಿವಿನಲ್ಲಿ ನೂಲಿನ ಉಂಡೆಯಂತೆ ಸುತ್ತಿಕೊಂಡಿರುತ್ತದೆ, ಪ್ಲೇಟ್‌ಲೆಟ್ ಹಿಡಿಯಬೇಕಾದ ಜಾಗ ಅದರ ಒಳಗೆ ಮುಚ್ಚಿಹೋಗಿರುತ್ತದೆ. ಒಂದು ತುದಿ ಕೊಲಾಜನ್ನಿಗೆ ಸಿಕ್ಕಿಕೊಂಡು ಮೇಲಿನಿಂದ ರಕ್ತ ಬಿರುಸಾಗಿ ಎಳೆದಾಗ ಆ ಉಂಡೆ ಬಿಚ್ಚಿಕೊಂಡು ಎಳೆಯಾಗುತ್ತದೆ. ಎಳೆಯ ಉದ್ದ ಹತ್ತು ಮೈಕ್ರಾನ್ ಮೀರಬಹುದು. ಪ್ಲೇಟ್‌ಲೆಟ್ಟಿನ ಅಡ್ಡಳತೆ ಎರಡು-ಮೂರು ಮೈಕ್ರಾನ್ ಮಾತ್ರ ಎಂಬುದನ್ನು ನೆನೆದರೆ ಆ ಒಂದು ಎಳೆಯ ಮೇಲೆ ಎಷ್ಟು ಹಿಡಿಗಳಿರಬಹುದೆಂದು ಊಹಿಸಬಹುದು. ಅಂದರೆ ಕಿತ್ತೊಯ್ಯುವ ಅದೇ ಬಲ ಹಿಡಿಯುವ ಜಾಗವನ್ನೂ ತೆರೆಯುತ್ತದೆ. ಆದ್ದರಿಂದಲೇ ಈ ಪ್ರೋಟೀನು ಮತ್ತು ಜಿಪಿ-1ಬಿ ಜೋಡಿ ಅತ್ಯಗತ್ಯವಾಗುವುದು ಬಿರುಸಾದ ಹರಿವಿನ ನಾಳಗಳಲ್ಲಿ. ನಿಧಾನ ಹರಿವಿನಲ್ಲಿ ಪ್ಲೇಟ್‌ಲೆಟ್‌ಗಳು ಕೊಲಾಜನ್ನನ್ನು ನೇರವಾಗಿಯೂ ಹಿಡಿಯಬಲ್ಲವು.

ಈ ಪ್ರೋಟೀನಿಗೆ ಹೆಸರು ಬಂದದ್ದು ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಅವರಿಂದ. ಓಲಂಡ್ ದ್ವೀಪಗಳ ಒಂದು ಕುಟುಂಬದಲ್ಲಿ ಹೆಣ್ಣು ಗಂಡು ಭೇದವಿಲ್ಲದೆ ಕಂಡ ರಕ್ತಸ್ರಾವವನ್ನು ಅವರು 1926ರಲ್ಲಿ ವರದಿ ಮಾಡಿದರು. ಅಲ್ಲಿಯೂ ಪ್ಲೇಟ್‌ಲೆಟ್ ಎಣಿಕೆ ಸರಿಯಿತ್ತು, ಗಾಯದ ರಕ್ತ ಮಾತ್ರ ನಿಲ್ಲುತ್ತಿರಲಿಲ್ಲ. ಸುಮಾ ಅವರ ಪ್ರಶ್ನೆಯ ಹಳೆಯ ರೂಪ ಅದು.

ಹರಿವಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳುತ್ತೇನೆ, ಅದು ಮಗುವಿಗೂ ಸಂಬಂಧಿಸಿದ್ದು. ರಕ್ತನಾಳದ ನಡುವಿನಲ್ಲಿ ಕೆಂಪು ರಕ್ತಕಣಗಳು ದಟ್ಟವಾಗಿ ಸಾಗುತ್ತಾ ಸಣ್ಣ ಪ್ಲೇಟ್‌ಲೆಟ್‌ಗಳನ್ನು ಗೋಡೆಯ ಕಡೆಗೆ ತಳ್ಳುತ್ತವೆ. ಕೆಂಪುಕಣ ಕಡಿಮೆಯಾದರೆ ಈ ತಳ್ಳಾಟ ತಗ್ಗುತ್ತದೆ, ಗೋಡೆಯ ಬಳಿ ಪ್ಲೇಟ್‌ಲೆಟ್‌ಗಳು ವಿರಳವಾಗುತ್ತವೆ. ಹಿಮೋಗ್ಲೋಬಿನ್ 8.1 ಇರುವುದು ರಕ್ತಸ್ರಾವದ ಪರಿಣಾಮ ಹೌದು, ಆದರೆ ಅದು ಮುಂದಿನ ರಕ್ತಸ್ರಾವವನ್ನು ಹೆಚ್ಚಿಸಲೂಬಹುದು. ಮಗುವಿಗೆ ಕಬ್ಬಿಣಾಂಶದ ಔಷಧಿ ಆರಂಭಿಸಿದ್ದಾರೆಯೇ ಎಂದು ವೈದ್ಯರನ್ನು ದಯವಿಟ್ಟು ಕೇಳಿ.

ಶಕುಂತಲಾ, ಮೈಸೂರು

ನನ್ನ ಯಜಮಾನರಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್ ಎರಡನ್ನೂ ಕೊಡುತ್ತಿದ್ದಾರೆ. ಹೋದ ತಿಂಗಳು ಹಲ್ಲು ಕೀಳಿಸಿದಾಗ ಸಂಜೆಯವರೆಗೂ ಹತ್ತಿಯಲ್ಲಿ ರಕ್ತ ಕಾಣುತ್ತಲೇ ಇತ್ತು. ಈ ಮಗುವಿಗೆ ಇರುವ ತೊಂದರೆಯೂ ಅದೇ ಬಗೆಯದೇ? ಮತ್ತೊಂದು ಹಲ್ಲು ಕೀಳಿಸುವುದಿದೆ, ಅದಕ್ಕೆ ಮೊದಲು ಮಾತ್ರೆ ನಿಲ್ಲಿಸಬೇಕೇ?

ರಮಾಮಣಿ, ಬೆಂಗಳೂರು

ಶಕುಂತಲಾ ಅವರೇ, ಮಾತ್ರೆಗಳನ್ನು ನೀವಾಗಿಯೇ ದಯವಿಟ್ಟು ನಿಲ್ಲಿಸಬೇಡಿ. ಸ್ಟೆಂಟ್ ಹಾಕಿದ ಮೇಲೆ ಅವನ್ನು ಹಠಾತ್ತನೆ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟುವ ಅಪಾಯ ಬಹಳ ದೊಡ್ಡದು. ಒಂದು ಹಲ್ಲಿನ ಗಾಯದ ರಕ್ತವನ್ನಾದರೋ ಹೊಲಿಗೆ ಹಾಕಿ, ಅರಿವೆ ಕಚ್ಚಿಸಿ ನಿಲ್ಲಿಸಬಹುದು. ಹೃದಯದ ವೈದ್ಯರೂ ದಂತವೈದ್ಯರೂ ಪರಸ್ಪರ ಮಾತನಾಡಿಕೊಳ್ಳುವಂತೆ ಮಾಡಿ.

ನಿಮ್ಮ ಯಜಮಾನರಲ್ಲಿ ತಡೆದಿರುವುದು ಎರಡನೆಯ ಹಂತದ ಒಂದು ಭಾಗವನ್ನು. ಸಕ್ರಿಯಗೊಂಡ ಪ್ಲೇಟ್‌ಲೆಟ್ಟಿನ ಒಳಗೆ ಕ್ಯಾಲ್ಸಿಯಂ ಏರುತ್ತದೆ, ಬಿಲ್ಲೆಯಾಗಿದ್ದ ಅದರ ಆಕಾರ ದುಂಡಗಾಗಿ ಮೈಯಿಂದ ಮುಳ್ಳುಗಳಂತಹ ಚಾಚುಗಳು ಹೊರಡುತ್ತವೆ. ಅದು ತನ್ನ ಕಿರುಚೀಲಗಳಲ್ಲಿದ್ದ ಎಡಿಪಿಯನ್ನು ಹೊರಗೆ ಚೆಲ್ಲುತ್ತದೆ, ಜೊತೆಗೆ ಥ್ರೋಂಬಾಕ್ಸೇನ್ ಎಂಬ ವಸ್ತುವನ್ನು ಹೊಸದಾಗಿ ತಯಾರಿಸಿ ಬಿಡುತ್ತದೆ. ಈ ಎರಡೂ ಪಕ್ಕದಲ್ಲಿ ಹಾದುಹೋಗುತ್ತಿರುವ, ಕೊಲಾಜನ್ನನ್ನು ಮುಟ್ಟಿಯೇ ಇರದ ಪ್ಲೇಟ್‌ಲೆಟ್‌ಗಳನ್ನೂ ಎಚ್ಚರಿಸುತ್ತವೆ. ಆಸ್ಪಿರಿನ್ ಥ್ರೋಂಬಾಕ್ಸೇನ್ ತಯಾರಿಸುವ ಕಿಣ್ವಕ್ಕೆ ಶಾಶ್ವತವಾಗಿ ಬೆಸೆದುಕೊಳ್ಳುತ್ತದೆ. ಪ್ಲೇಟ್‌ಲೆಟ್ಟಿಗೆ ಕೋಶಕೇಂದ್ರ ಇಲ್ಲದ್ದರಿಂದ ಅದು ಹೊಸ ಕಿಣ್ವವನ್ನು ತಯಾರಿಸಿಕೊಳ್ಳಲಾರದೆ ತನ್ನ ಏಳರಿಂದ ಹತ್ತು ದಿನಗಳ ಆಯಸ್ಸನ್ನು ಹಾಗೆಯೇ ಕಳೆಯುತ್ತದೆ. ಕ್ಲೊಪಿಡೋಗ್ರೆಲ್ ಎಡಿಪಿಯ ಒಂದು ಗ್ರಾಹಕವನ್ನು ಮುಚ್ಚುತ್ತದೆ. ಎರಡು ದಾರಿ ಮುಚ್ಚಿದರೂ ಥ್ರೋಂಬಿನ್ನಿನಂತಹ ಬೇರೆ ದಾರಿಗಳು ಉಳಿದಿರುತ್ತವೆ, ಆದ್ದರಿಂದ ನಿಮ್ಮ ಯಜಮಾನರ ರಕ್ತ ಸಂಜೆಗಾದರೂ ನಿಂತಿತು. ಹುಟ್ಟಿನಿಂದಲೇ ಹೀಗೆ ರಕ್ತ ಸೋರುತ್ತಿರುವ ಈ ಮಗುವಿನಲ್ಲಿ ದೋಷ ಇದಕ್ಕಿಂತ ಮುಂದಿನ ಹಂತದಲ್ಲಿರಬಹುದೆಂಬುದು ನನ್ನ ಅನುಮಾನ.

ನಾಗರಾಜ, ಸಿಂಗಪುರ

ಒಂದು ಇನ್ನೊಂದನ್ನು, ಅದು ಮತ್ತೊಂದನ್ನು ಎಚ್ಚರಿಸುತ್ತಾ ಹೋದರೆ ಈ ಸರಪಳಿ ನಿಲ್ಲುವುದೆಲ್ಲಿ? ಇಡೀ ನಾಳವೇ ಏಕೆ ಮುಚ್ಚಿಹೋಗುವುದಿಲ್ಲ?

ರಮಾಮಣಿ, ಬೆಂಗಳೂರು

ಎರಡು ಕಾರಣಗಳನ್ನು ಖಚಿತವಾಗಿ ಹೇಳಬಹುದು. ಗಾಯದ ಅಂಚಿನಾಚೆ ಹರಿಯದೆ ಉಳಿದಿರುವ ಒಳಪದರದ ಜೀವಕೋಶಗಳು ಪ್ರೋಸ್ಟಾಸೈಕ್ಲಿನ್ ಮತ್ತು ನೈಟ್ರಿಕ್ ಆಕ್ಸೈಡನ್ನು ಸದಾ ಸೂಸುತ್ತಿರುತ್ತವೆ, ಇವು ಪ್ಲೇಟ್‌ಲೆಟ್‌ಗಳನ್ನು ತಣ್ಣಗಾಗಿಸುತ್ತವೆ. ಆ ಜೀವಕೋಶಗಳ ಮೈಮೇಲಿರುವ ಒಂದು ಕಿಣ್ವ ಹೊರಬಿದ್ದ ಎಡಿಪಿಯನ್ನು ಒಡೆದುಹಾಕುತ್ತದೆ. ಎರಡನೆಯದಾಗಿ, ನಿಮ್ಮ ವೃತ್ತಿಯವರು ತಕ್ಷಣ ಊಹಿಸಬಹುದಾದಂತೆ, ಹರಿವು ಆ ವಸ್ತುಗಳನ್ನು ಕೊಚ್ಚಿಕೊಂಡು ತೆಳುವಾಗಿಸುತ್ತದೆ.

ಇನ್ನೊಂದು ವಿಷಯದಲ್ಲಿ ಸಂಶೋಧಕರ ನಡುವೆಯೇ ಚರ್ಚೆ ಮುಗಿದಿಲ್ಲ. ಇಲಿಗಳ ಕಿರುನಾಳಗಳಲ್ಲಿ ಲೇಸರಿನಿಂದ ಗಾಯ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಗಾಯಕ್ಕೆ ತಾಗಿದ ಒಳತಿರುಳಿನಲ್ಲಿ ಪ್ಲೇಟ್‌ಲೆಟ್‌ಗಳು ಪೂರ್ತಿ ಸಕ್ರಿಯಗೊಂಡು ಒತ್ತೊತ್ತಾಗಿ ಕುಳಿತಿರುತ್ತವೆ. ಅದರ ಮೇಲಿನ ಹೊರಚಿಪ್ಪಿನಲ್ಲಿರುವವು ಅರೆಬರೆ ಎಚ್ಚರಗೊಂಡು ಸಡಿಲವಾಗಿ ಅಂಟಿರುತ್ತವೆ, ಕೆಲವು ಬಿಟ್ಟುಹೋಗುತ್ತಲೂ ಇರುತ್ತವೆ. ಅಂದರೆ ಅಂಟುವುದು, ಸಕ್ರಿಯಗೊಳ್ಳುವುದು, ಗುಂಪುಗೂಡುವುದು ಎಂಬ ಮೂರು ಹಂತಗಳನ್ನು ಎಲ್ಲ ಪ್ಲೇಟ್‌ಲೆಟ್‌ಗಳೂ ಒಂದೇ ತೆರನಾಗಿ ದಾಟುವುದಿಲ್ಲ. ಮನುಷ್ಯರ ದೊಡ್ಡ ನಾಳಗಳಿಗೆ, ಅದರಲ್ಲೂ ನಾಳದ ಹೊರಗೆ ರಕ್ತ ಸುರಿಯುವಂತಹ ನಿಜವಾದ ಗಾಯಗಳಿಗೆ ಈ ಚಿತ್ರ ಎಷ್ಟು ಹೊಂದುತ್ತದೆ ಎಂಬುದರಲ್ಲಿ ಒಮ್ಮತವಿಲ್ಲ.

ಸುಮಾ, ಹಿರಿಯೂರು

ಎಲ್ಲರಿಗೂ ವಂದನೆಗಳು. ಕಬ್ಬಿಣಾಂಶದ ಔಷಧಿ ಆರಂಭವಾಗಿದೆ. ಬೆಂಗಳೂರಿನಲ್ಲಿ ಪರೀಕ್ಷೆಯ ದಿನ ಗೊತ್ತಾಗಿದೆ. ಹೋಗುವ ಮೊದಲು ನಾವು ಗಮನಿಸಬೇಕಾದದ್ದೇನಾದರೂ ಇದೆಯೇ? ನಮ್ಮ ಊರಿನಲ್ಲೇ ರಕ್ತ ತೆಗೆಸಿ ಐಸ್ ಡಬ್ಬಿಯಲ್ಲಿ ಕಳುಹಿಸಬಹುದೆಂದು ಒಬ್ಬರು ಹೇಳಿದರು.

ರಮಾಮಣಿ, ಬೆಂಗಳೂರು

ಐಸಿನಲ್ಲಿ ಖಂಡಿತ ಬೇಡ. ತಣ್ಣಗಾದರೆ ಪ್ಲೇಟ್‌ಲೆಟ್‌ಗಳು ಆಕಾರ ಕಳೆದುಕೊಳ್ಳುತ್ತವೆ, ಆಮೇಲಿನ ಪರೀಕ್ಷೆಗೆ ಅರ್ಥವಿರುವುದಿಲ್ಲ. ಮಗುವನ್ನೇ ಕರೆದುಕೊಂಡು ಹೋಗಿ. ರಕ್ತ ತೆಗೆದ ನಾಲ್ಕು ಗಂಟೆಗಳೊಳಗೆ, ಕೋಣೆಯ ಉಷ್ಣತೆಯಲ್ಲಿಯೇ ಇಟ್ಟು ಪರೀಕ್ಷೆ ಮುಗಿಸಬೇಕು. ಎಣಿಕೆಗೆ ಬಳಸುವ ನೇರಳೆ ಮುಚ್ಚಳದ ಕೊಳವೆಯೂ ಇದಕ್ಕೆ ಆಗದು. ಅದರಲ್ಲಿರುವ ರಾಸಾಯನಿಕ ಕ್ಯಾಲ್ಸಿಯಂ ಅನ್ನು ಪೂರ್ತಿ ಕಟ್ಟಿಹಾಕುತ್ತದೆ, ಆಗ ಆರೋಗ್ಯವಂತರ ಪ್ಲೇಟ್‌ಲೆಟ್‌ಗಳೂ ಗುಂಪುಗೂಡಲಾರವು. ಸಿಟ್ರೇಟ್ ಇರುವ ತಿಳಿನೀಲಿ ಮುಚ್ಚಳದ ಕೊಳವೆಯೇ ಬೇಕು. ಜ್ವರಕ್ಕೋ ನೋವಿಗೋ ಮಗುವಿಗೆ ಐಬುಪ್ರೊಫೆನ್ ಇರುವ ಸಿರಪ್ ಕೊಟ್ಟಿದ್ದರೆ ಪ್ರಯೋಗಾಲಯದವರಿಗೆ ತಪ್ಪದೆ ತಿಳಿಸಿ, ಇನ್ನು ಮುಂದೆ ಪ್ಯಾರಾಸಿಟಮಾಲ್ ಮಾತ್ರ ಕೊಡಿ. ಐಬುಪ್ರೊಫೆನ್ ಆಸ್ಪಿರಿನ್ನಿನಂತೆ ಶಾಶ್ವತವಾಗಿ ಬೆಸೆಯದಿದ್ದರೂ ಅದೇ ಕಿಣ್ವವನ್ನು ತಡೆಯುತ್ತದೆ, ವರದಿ ದಾರಿ ತಪ್ಪಿಸುತ್ತದೆ.

ಇನ್ನೊಂದು ಸಣ್ಣ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಬೆರಳು ಚುಚ್ಚಿ, ಯಾವ ರಾಸಾಯನಿಕವನ್ನೂ ಸೇರಿಸದೆ, ಬಂದ ಹನಿಯನ್ನು ನೇರವಾಗಿ ಗಾಜಿನ ಪಟ್ಟಿಯ ಮೇಲೆ ಸವರಿ ಬಣ್ಣ ಹಾಕಿ ನೋಡುವುದು. ಆರೋಗ್ಯವಂತರ ಹನಿಯಲ್ಲಿ ಪ್ಲೇಟ್‌ಲೆಟ್‌ಗಳು ಹತ್ತು-ಇಪ್ಪತ್ತರ ಗೊಂಚಲುಗಳಾಗಿ ಕಾಣುತ್ತವೆ. ಸಣ್ಣ ನೇರಳೆ ಚುಕ್ಕೆಗಳು ಪಟ್ಟಿಯ ಉದ್ದಕ್ಕೂ ಒಂಟೊಂಟಿಯಾಗಿಯೇ ಚೆಲ್ಲಿದ್ದರೆ, ಒಂದು ಜೋಡಿಯೂ ಸಿಗದಿದ್ದರೆ, ದೊಡ್ಡ ಯಂತ್ರದ ಬಳಿ ಹೋಗುವ ಮೊದಲೇ ನಮಗೆ ಅರ್ಧ ಉತ್ತರ ಸಿಕ್ಕಂತೆ.

ಸುಮಾ, ಹಿರಿಯೂರು

ವರದಿ ಬಂದಿದೆ. ಎಡಿಪಿ, ಕೊಲಾಜನ್, ಅಡ್ರಿನಾಲಿನ್, ಅರಾಕಿಡಾನಿಕ್ ಆಮ್ಲ ಎಂಬ ನಾಲ್ಕರ ಮುಂದೆಯೂ ಗೆರೆ ಬಹುತೇಕ ನೇರವಾಗಿದೆ. ರಿಸ್ಟೋಸೆಟಿನ್ ಎಂಬುದರ ಮುಂದೆ ಮಾತ್ರ ಗೆರೆ ಏರಿದೆ. ಬೆರಳಿನ ಹನಿಯ ಬಗ್ಗೆ "ಪ್ಲೇಟ್‌ಲೆಟ್‌ಗಳು ಬಿಡಿಬಿಡಿಯಾಗಿವೆ, ಗಾತ್ರ ಸಾಧಾರಣ" ಎಂದು ಬರೆದಿದ್ದಾರೆ. ಫ್ಲೋ ಸೈಟೋಮೆಟ್ರಿ ಎಂಬ ಇನ್ನೊಂದು ಪರೀಕ್ಷೆಯ ಫಲಿತಾಂಶ ಬರಬೇಕಿದೆ. ವೈದ್ಯರ ಭೇಟಿ ಮುಂದಿನ ವಾರ. ಅಷ್ಟರಲ್ಲಿ ಇದನ್ನು ಅರ್ಥ ಮಾಡಿಕೊಳ್ಳಲು ನೆರವಾಗುವಿರಾ?

ರಮಾಮಣಿ, ಬೆಂಗಳೂರು

ಸುಮಾ ಅವರೇ, ನಿದಾನವನ್ನು ಹೇಳಬೇಕಾದವರು ನಿಮ್ಮ ವೈದ್ಯರು. ಗೆರೆಗಳನ್ನು ಓದುವ ಬಗೆಯನ್ನು ನಾನು ಹೇಳಬಲ್ಲೆ. ಈ ಯಂತ್ರದಲ್ಲಿ ಪ್ಲೇಟ್‌ಲೆಟ್‌ಗಳು ತುಂಬಿದ ಮಸುಕಾದ ಪ್ಲಾಸ್ಮಾವನ್ನು 37 ಡಿಗ್ರಿಯಲ್ಲಿಟ್ಟು, ಒಂದು ಪುಟ್ಟ ಕಡ್ಡಿಯಿಂದ ಕಲಕುತ್ತಾ, ಅದರ ಮೂಲಕ ಬೆಳಕು ಹಾಯಿಸುತ್ತಾರೆ. ಪ್ಲೇಟ್‌ಲೆಟ್‌ಗಳು ಗುಂಪುಗೂಡಿದರೆ ದ್ರವ ತಿಳಿಯಾಗಿ ಬೆಳಕು ಹೆಚ್ಚು ದಾಟುತ್ತದೆ, ಗೆರೆ ಏರುತ್ತದೆ. ಗುಸ್ತಾವ್ ಬಾರ್ನ್ 1962ರಲ್ಲಿ ಪ್ರಕಟಿಸಿದ ಈ ವಿಧಾನವನ್ನೇ ಪ್ರಯೋಗಾಲಯಗಳು ಇಂದಿಗೂ ನೆಚ್ಚಿಕೊಂಡಿವೆ.

ಈಗ ಎಡಿಪಿಯ ಗೆರೆಯ ತೀರಾ ಆರಂಭವನ್ನು ಗಮನವಿಟ್ಟು ನೋಡಿ. ಏರುವ ದಿಕ್ಕಿಗೆ ವಿರುದ್ಧವಾಗಿ ಒಂದು ಸಣ್ಣ ತಗ್ಗು ಇದೆಯೇ?

ಸುಮಾ, ಹಿರಿಯೂರು

ಇದೆ. ಮೊದಲಿಗೆ ಸ್ವಲ್ಪ ಕೆಳಗಿಳಿದು ಆಮೇಲೆ ನೇರವಾಗಿ ಸಾಗಿದೆ. ಕೊಲಾಜನ್ನಿನ ಗೆರೆಯಲ್ಲಿಯೂ ಹಾಗೆಯೇ ಇದೆ. ಅಡ್ರಿನಾಲಿನ್ನಿನದರಲ್ಲಿ ಇಲ್ಲ.

ರಮಾಮಣಿ, ಬೆಂಗಳೂರು

ಅಡ್ರಿನಾಲಿನ್ನಿನಲ್ಲಿ ಯಾರಿಗೂ ಆ ತಗ್ಗು ಬರುವುದಿಲ್ಲ, ಅದರ ಬಗ್ಗೆ ಚಿಂತೆ ಬೇಡ. ಉಳಿದ ಎರಡರಲ್ಲಿ ತಗ್ಗು ಇರುವುದು ಬಹಳ ಮುಖ್ಯ. ಬಿಲ್ಲೆಯಂತಿದ್ದ ಪ್ಲೇಟ್‌ಲೆಟ್ ದುಂಡಾಗಿ ಚಾಚುಗಳನ್ನು ಬಿಟ್ಟಾಗ ಕ್ಷಣಕಾಲ ಬೆಳಕು ಕಡಿಮೆ ದಾಟುತ್ತದೆ, ಆ ತಗ್ಗು ಅದರ ಗುರುತು. ಅಂದರೆ ಮಗುವಿನ ಪ್ಲೇಟ್‌ಲೆಟ್‌ಗಳಿಗೆ ಎಡಿಪಿಯ ಸೂಚನೆ ತಲುಪಿದೆ, ಅವು ಆಕಾರ ಬದಲಿಸಿ ಪ್ರತಿಕ್ರಿಯಿಸಿವೆ. ಎರಡನೆಯ ಹಂತ ಆರಂಭವಾಗಿದೆ.

ರಿಸ್ಟೋಸೆಟಿನ್ ಒಂದು ಹಳೆಯ ಪ್ರತಿಜೀವಕ. ಪ್ಲೇಟ್‌ಲೆಟ್ ಎಣಿಕೆ ಕುಸಿಯುತ್ತಿದ್ದುದರಿಂದ ಔಷಧವಾಗಿ ಅದನ್ನು ಕೈಬಿಟ್ಟರು. ಅದು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರನ್ನು, ಹರಿವಿನ ಎಳೆತ ಇಲ್ಲದಿದ್ದರೂ, ಜಿಪಿ-1ಬಿಗೆ ಅಂಟಿಸುತ್ತದೆ. ಆ ಗೆರೆ ಏರಿದೆ ಎಂದರೆ ಮೊದಲನೆಯ ಹಂತದ ಎರಡು ಕೈಗಳೂ ಇವೆ ಎಂದಾಯಿತು. ಜಿಪಿ-1ಬಿ ಇಲ್ಲದ ಬರ್ನಾರ್ಡ್-ಸೋಲಿಯೇ ಕಾಯಿಲೆಯಲ್ಲಿ ಇದಕ್ಕೆ ಸರಿಯಾಗಿ ತಿರುವುಮುರುವಾಗಿ, ರಿಸ್ಟೋಸೆಟಿನ್ ಗೆರೆ ಮಾತ್ರ ಏರುವುದಿಲ್ಲ, ಪ್ಲೇಟ್‌ಲೆಟ್‌ಗಳೂ ದೈತ್ಯಗಾತ್ರದವಾಗಿರುತ್ತವೆ.

ಉಳಿಯುವುದು ಮೂರನೆಯ ಹಂತ. ಪ್ರತಿ ಪ್ಲೇಟ್‌ಲೆಟ್ಟಿನ ಮೇಲೆ ಜಿಪಿ-2ಬಿ/3ಎ ಎಂಬ ಗ್ರಾಹಕ ಸುಮಾರು 80,000 ಇರುತ್ತವೆ. ಸಾಮಾನ್ಯ ಸ್ಥಿತಿಯಲ್ಲಿ ಅವು ಮಡಿಚಿಕೊಂಡಿರುತ್ತವೆ. ಸಕ್ರಿಯಗೊಂಡಾಗ ಒಳಗಿನಿಂದ ಬಂದ ಸೂಚನೆಯಿಂದ ನೆಟ್ಟಗಾಗಿ ಫೈಬ್ರಿನೋಜೆನ್ನನ್ನು ಹಿಡಿಯುತ್ತವೆ. ಫೈಬ್ರಿನೋಜೆನ್ ಅಣುವಿನ ಎರಡು ತುದಿಗಳನ್ನು ಎರಡು ಪ್ಲೇಟ್‌ಲೆಟ್‌ಗಳು ಹಿಡಿದಾಗ ಅವು ಜೋಡಿಯಾಗುತ್ತವೆ, ಹಾಗೆಯೇ ಗುಂಪು ಬೆಳೆಯುತ್ತದೆ. ಈ ಗ್ರಾಹಕ ಇಲ್ಲದಿದ್ದರೆ ಪ್ಲೇಟ್‌ಲೆಟ್ ಗಾಯಕ್ಕೆ ಅಂಟುತ್ತದೆ, ಎಚ್ಚರಗೊಳ್ಳುತ್ತದೆ, ಆದರೆ ಒಂದರ ಮೇಲೊಂದು ಕೂರಲಾರದೆ ಒಂದು ತೆಳುಪದರವಾಗಿಯೇ ಉಳಿಯುತ್ತದೆ. ಅಷ್ಟರಿಂದ ರಂಧ್ರ ಮುಚ್ಚುವುದಿಲ್ಲ. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಎಡ್ವರ್ಡ್ ಗ್ಲಾಂಜ್‌ಮನ್ 1918ರಲ್ಲಿ ವಿವರಿಸಿದ ಕಾಯಿಲೆಯ ಚಿತ್ರ ಇದೇ, ಅದಕ್ಕೆ ಅವರ ಹೆಸರೇ ಇದೆ.

ಬಸವರಾಜ, ಧಾರವಾಡ

ರಮಾಮಣಿಯವರೇ, ಒಂದು ಆಕ್ಷೇಪ. ಸೇತುವೆಯಾಗುವುದು ಫೈಬ್ರಿನೋಜೆನ್ ಎಂದಿರಿ. ಗ್ರಾಹಕ ಸರಿಯಿದ್ದು ರಕ್ತದಲ್ಲಿ ಫೈಬ್ರಿನೋಜೆನ್ನೇ ಇಲ್ಲದಿದ್ದರೂ ಗೆರೆಗಳು ಹೀಗೆಯೇ ಬರಬಹುದಲ್ಲವೇ? ಅದನ್ನು ಹೇಗೆ ತಳ್ಳಿಹಾಕುತ್ತೀರಿ?

ರಮಾಮಣಿ, ಬೆಂಗಳೂರು

ಬಹಳ ಸರಿಯಾದ ಆಕ್ಷೇಪ ಸರ್. ಫೈಬ್ರಿನೋಜೆನ್ ಪೂರ್ತಿ ಇಲ್ಲದವರಲ್ಲಿ ಗುಂಪುಗೂಡುವಿಕೆ ಕುಗ್ಗುವುದು ನಿಜ. ಆದರೆ ಅಂಥವರ ಪಿ.ಟಿ., ಎ.ಪಿ.ಟಿ.ಟಿ. ಪರೀಕ್ಷೆಯಲ್ಲಿ ಪ್ಲಾಸ್ಮಾ ಹೆಪ್ಪುಗಟ್ಟುವುದೇ ಇಲ್ಲ, ಏಕೆಂದರೆ ಅಲ್ಲಿಯೂ ಕೊನೆಗೆ ಬೇಕಾಗುವುದು ಅದೇ ಫೈಬ್ರಿನೋಜೆನ್. ನೀವು ಮೊದಲ ದಿನವೇ ಎತ್ತಿ ತೋರಿಸಿದಂತೆ ಮಗುವಿನಲ್ಲಿ ಆ ಎರಡೂ ಸರಿಯಿವೆ. ಇನ್ನೊಂದು ಎಚ್ಚರಿಕೆಯನ್ನೂ ಸೇರಿಸಬೇಕು. ನಾಲ್ಕು ಗೆರೆಗಳು ಒಟ್ಟಿಗೆ ನೇರವಾದಾಗ ಮಾದರಿಯೇ ಕೆಟ್ಟಿತ್ತೇ ಎಂಬ ಪ್ರಶ್ನೆ ಬರುತ್ತದೆ. ಆರಂಭದ ತಗ್ಗು ಮತ್ತು ರಿಸ್ಟೋಸೆಟಿನ್ ಏರಿಕೆ ಇರುವುದರಿಂದ ಪ್ಲೇಟ್‌ಲೆಟ್‌ಗಳು ಜೀವಂತವಾಗಿದ್ದವು ಎಂದು ನಂಬಬಹುದು. ಆದರೂ ಅದೇ ದಿನ ಒಬ್ಬ ಆರೋಗ್ಯವಂತರ ರಕ್ತವನ್ನು ಪಕ್ಕದಲ್ಲಿಟ್ಟು ನೋಡಿದ್ದಾರೆಯೇ ಎಂದು ಸುಮಾ ಅವರು ಕೇಳುವುದು ಒಳ್ಳೆಯದು. ಫ್ಲೋ ಸೈಟೋಮೆಟ್ರಿಯಲ್ಲಿ ಸಿಡಿ41, ಸಿಡಿ61 ಎಂಬ ಎರಡು ಗುರುತುಗಳ ಮೂಲಕ ಆ ಗ್ರಾಹಕ ಎಷ್ಟಿದೆ ಎಂದು ನೇರವಾಗಿ ಅಳೆಯುತ್ತಾರೆ. ಸಾಧಾರಣ ಪ್ರಮಾಣದ ಶೇ. 5ಕ್ಕಿಂತ ಕಡಿಮೆ ಇದ್ದರೆ ಅದನ್ನು ಮೊದಲನೆಯ ಬಗೆ ಎನ್ನುತ್ತಾರೆ. ಗ್ರಾಹಕದ ಸಂಖ್ಯೆ ಸರಿಯಿದ್ದೂ ಅದು ನೆಟ್ಟಗಾಗದ ಬಗೆಯೂ ಇದೆ, ಆಗ ಈ ಎಣಿಕೆಯಲ್ಲಿ ದೋಷ ಕಾಣುವುದಿಲ್ಲ.

ಸುಮಾ, ಹಿರಿಯೂರು

ನನಗೂ ನನ್ನ ಯಜಮಾನರಿಗೂ ಎಂದೂ ರಕ್ತಸ್ರಾವದ ತೊಂದರೆ ಇರಲಿಲ್ಲ. ಹಾಗಿದ್ದೂ ಮಗುವಿಗೆ ಬಂದದ್ದು ಹೇಗೆ? ಎರಡು ವರ್ಷದ ಮಗನೊಬ್ಬನಿದ್ದಾನೆ, ಅವನನ್ನೂ ಪರೀಕ್ಷಿಸಬೇಕೇ?

ರಮಾಮಣಿ, ಬೆಂಗಳೂರು

ಇದು ಗ್ಲಾಂಜ್‌ಮನ್ ಕಾಯಿಲೆಯೇ ಎಂದು ಖಚಿತವಾದರೆ, ತಂದೆತಾಯಿ ಇಬ್ಬರಲ್ಲಿಯೂ ಜೋಡಿಯ ಒಂದು ಜೀನ್ ಮಾತ್ರ ಕೆಟ್ಟಿರುತ್ತದೆ. ಅಂಥವರ ಪ್ಲೇಟ್‌ಲೆಟ್‌ಗಳಲ್ಲಿ 80,000ದ ಬದಲು ಸುಮಾರು ಅರ್ಧದಷ್ಟು ಗ್ರಾಹಕಗಳಿರುತ್ತವೆ. ಗುಂಪುಗೂಡಲು ಅಷ್ಟು ಧಾರಾಳವಾಗಿ ಸಾಕು, ಆದ್ದರಿಂದ ನಿಮಗೆ ಏನೂ ತಿಳಿದಿರುವುದಿಲ್ಲ. ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ ಇಬ್ಬರಲ್ಲಿಯೂ ಒಂದೇ ಪೂರ್ವಿಕರಿಂದ ಬಂದ ಅದೇ ಕೆಟ್ಟ ಜೀನ್ ಇರುವ ಸಾಧ್ಯತೆ ಹೆಚ್ಚುತ್ತದೆ. ನಮ್ಮ ಕಡೆಯ ವೈದ್ಯರು ಆ ಪ್ರಶ್ನೆ ಕೇಳುವುದು ಅದಕ್ಕಾಗಿಯೇ. ಇದರಲ್ಲಿ ಯಾರ ತಪ್ಪೂ ಇಲ್ಲ. ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುವುದರಿಂದ ಮಗನನ್ನೂ ಪರೀಕ್ಷಿಸುವುದು ಸೂಕ್ತ, ಅವನಿಗೆ ಯಾವುದಾದರೂ ಶಸ್ತ್ರಚಿಕಿತ್ಸೆ ಬರುವ ಮೊದಲೇ ತಿಳಿದಿರಬೇಕು.

ಗೌಡರು ಮೊದಲು ಕೇಳಿದ ಪ್ರಶ್ನೆಗೂ ಇಲ್ಲಿ ಉತ್ತರ ಪೂರ್ತಿಯಾಗುತ್ತದೆ. ಬೇರೆಯವರ ಪ್ಲೇಟ್‌ಲೆಟ್ ಕೊಟ್ಟರೆ ಇಂಥ ಮಕ್ಕಳ ರಕ್ತ ನಿಲ್ಲುತ್ತದೆ, ಏಕೆಂದರೆ ಅವುಗಳಲ್ಲಿ ಆ ಗ್ರಾಹಕ ಇರುತ್ತದೆ. ಆದರೆ ಮಗುವಿನ ದೇಹಕ್ಕೆ ಆ ಗ್ರಾಹಕ ಹುಟ್ಟಿನಿಂದ ಅಪರಿಚಿತ. ಪದೇಪದೇ ಕೊಟ್ಟರೆ ಅದರ ವಿರುದ್ಧ ಪ್ರತಿಕಾಯಗಳು ಹುಟ್ಟಿ, ನಿಜವಾಗಿ ಬೇಕಾದ ದಿನ ಕೊಟ್ಟದ್ದು ಕೆಲಸ ಮಾಡದೆ ಹೋಗಬಹುದು. ಆದ್ದರಿಂದ ಸಣ್ಣ ರಕ್ತಸ್ರಾವಕ್ಕೆ ಮೂಗನ್ನು ಒತ್ತಿ ಹಿಡಿಯುವುದು, ಟ್ರನೆಕ್ಸಾಮಿಕ್ ಆಮ್ಲ ಮುಂತಾದವನ್ನೇ ಮೊದಲು ಬಳಸುತ್ತಾರೆ. ಅದಕ್ಕೂ ನಿಲ್ಲದಿದ್ದರೆ ಕೃತಕವಾಗಿ ತಯಾರಿಸಿದ ಏಳನೆಯ ಫ್ಯಾಕ್ಟರ್ ಚುಚ್ಚುಮದ್ದು ಇದೆ, ಅದು ದುಬಾರಿ. ಯಾವುದನ್ನು ಯಾವಾಗ ಎಂಬುದನ್ನು ವೈದ್ಯರಿಂದ ಒಂದು ಹಾಳೆಯಲ್ಲಿ ಬರೆಸಿಕೊಂಡು ಮನೆಯಲ್ಲಿಯೂ ಅಂಗನವಾಡಿಯಲ್ಲಿಯೂ ಇಡಿ.

ನಾಗರಾಜ, ಸಿಂಗಪುರ

ಹಾಗಿದ್ದರೆ ಫ್ಲೋ ಸೈಟೋಮೆಟ್ರಿಯಲ್ಲಿ ಉಳಿದ ಗ್ರಾಹಕ ಶೇ. 1 ಎಂದು ಬಂದರೆ ರಕ್ತಸ್ರಾವ ತೀವ್ರ, ಶೇ. 15 ಎಂದು ಬಂದರೆ ಸೌಮ್ಯ ಎಂದು ತಿಳಿಯಬಹುದೇ? ತಾಯಿಗೆ ಮುಂದಿನ ದಿನಗಳ ಅಂದಾಜು ಸಿಕ್ಕಂತಾಗುತ್ತದೆ.

ರಮಾಮಣಿ, ಬೆಂಗಳೂರು

ಹಾಗೆ ಲೆಕ್ಕ ಹಾಕಲು ಬರುವುದಿಲ್ಲ ಎಂಬುದೇ ಈ ಕಾಯಿಲೆಯ ವಿಚಿತ್ರ. ಒಂದೇ ಜೀನ್ ದೋಷವಿರುವ ಒಡಹುಟ್ಟಿದವರಲ್ಲಿ ಒಬ್ಬರು ಪದೇಪದೇ ಆಸ್ಪತ್ರೆ ಸೇರಬಹುದು, ಇನ್ನೊಬ್ಬರಿಗೆ ಅಪರೂಪಕ್ಕೆ ಮೂಗಿನಲ್ಲಿ ರಕ್ತ ಬರಬಹುದು. ಉಳಿದಿರುವ ಗ್ರಾಹಕದ ಪ್ರಮಾಣಕ್ಕೂ ರಕ್ತಸ್ರಾವದ ತೀವ್ರತೆಗೂ ನೇರ ಸಂಬಂಧ ಕಂಡುಬಂದಿಲ್ಲ, ಅದಕ್ಕೆ ಕಾರಣವೂ ಇನ್ನೂ ಬಗೆಹರಿದಿಲ್ಲ. ಹಲವರಲ್ಲಿ ಮೂಗಿನ ರಕ್ತಸ್ರಾವ ವಯಸ್ಸಾಗುತ್ತಾ ಕಡಿಮೆಯಾಗುತ್ತದೆ. ಹೆಣ್ಣುಮಕ್ಕಳಲ್ಲಿ ಮೊದಲ ಮುಟ್ಟಿನ ಸಮಯಕ್ಕೆ ಮಾತ್ರ ಮೊದಲೇ ಸಿದ್ಧವಾಗಿರಬೇಕು, ಆಗ ರಕ್ತಸ್ರಾವ ತೀರಾ ಹೆಚ್ಚಾಗಬಹುದು. ಅದಕ್ಕೆ ಇನ್ನೂ ವರ್ಷಗಳಿವೆ, ಆದರೂ ಆ ಹಾಳೆಯಲ್ಲಿ ಅದಕ್ಕೊಂದು ಸಾಲು ಇರಲಿ.

ಸುಮಾ, ಹಿರಿಯೂರು

ಬರೆದುಕೊಂಡೆ. ಮಗನ ಪರೀಕ್ಷೆಯ ಬಗ್ಗೆಯೂ, ಪಕ್ಕದಲ್ಲಿ ಆರೋಗ್ಯವಂತರ ರಕ್ತವನ್ನಿಟ್ಟು ನೋಡಿದ್ದಾರೆಯೇ ಎಂಬ ಬಗ್ಗೆಯೂ ಮುಂದಿನ ವಾರ ಕೇಳುತ್ತೇನೆ. ಸಿಡಿ41, ಸಿಡಿ61 ಫಲಿತಾಂಶ ಬಂದ ಕೂಡಲೇ ಇಲ್ಲಿಯೇ ಹಾಕುತ್ತೇನೆ.